ಹಾಲ್ ಟಿಕೆಟ್‌ನಲ್ಲಿ ಬೇರೆಯವರ ಫೋಟೋ, ಬೇರೆ ವಿಷಯ ಸಂಕೇತ: ಅರ್ಜಿಯಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ನಾನು ಬಿ.ಕಾಂ. ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಎರಡನೇ ಸೆಮಿಸ್ಟರ್‌ನ ಒಂದು ಪತ್ರಿಕೆ ಬಾಕಿ ಇದೆ, ಅದಕ್ಕೂ ಶುಲ್ಕ ಕಟ್ಟಿದ್ದೇನೆ. ಈಗ ಬಂದ ಹಾಲ್ ಟಿಕೆಟ್‌ನಲ್ಲಿ ನನ್ನ ಹೆಸರಿನ ಪಕ್ಕ ನಮ್ಮ ತರಗತಿಯ ಇನ್ನೊಬ್ಬಳ ಫೋಟೋ ಇದೆ. ಬಾಕಿ ಪತ್ರಿಕೆಯ ಸಂಕೇತವೂ ಬೇರೆ ಬಂದಿದೆ. ಕಾಲೇಜಿನವರು ‘ಪರೀಕ್ಷಾ ನಿಯಂತ್ರಕರಿಗೆ ಒಂದು ಅರ್ಜಿ ಬರೆದು ಕೊಡಿ’ ಎನ್ನುತ್ತಾರೆ. ಪರೀಕ್ಷೆಗೆ ಹತ್ತು ದಿನ ಉಳಿದಿದೆ. ಏನೆಂದು ಬರೆಯಲಿ?

ಉತ್ತರ: ಒಂದು ಅರ್ಜಿ ಸಾಲದು, ಎರಡು ಬರೆಯಿರಿ. ಎರಡೂ ತಪ್ಪುಗಳು ಒಂದೇ ಹಾಳೆಯಲ್ಲಿ ಅಚ್ಚಾಗಿದ್ದರೂ ಅವು ಬಂದಿರುವ ಮೂಲ ಬೇರೆ ಬೇರೆ. ಫೋಟೋ ನೀವು ಕಾಲೇಜಿಗೆ ಸೇರಿದಾಗ ತಯಾರಾದ ನೋಂದಣಿ ದಾಖಲೆಯಿಂದ ಬರುತ್ತದೆ; ವಿಷಯ ಸಂಕೇತ ಈ ಸಲ ನೀವು ಸಲ್ಲಿಸಿದ ಪರೀಕ್ಷಾ ಅರ್ಜಿಯಿಂದ ಬರುತ್ತದೆ. ಮೌಲ್ಯಮಾಪನ ವಿಭಾಗದಲ್ಲಿ ಇವೆರಡನ್ನು ಒಬ್ಬರೇ ನೋಡಿಕೊಳ್ಳುತ್ತಾರೆ ಎಂದು ನಂಬುವಂತಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ, ಅದು ಮೊದಲು ಯಾರ ಕೈಗೆ ಬರುತ್ತದೋ ಆ ವಿಷಯ ನಿರ್ವಾಹಕರು, ಅಂದರೆ ಕಡತ ನೋಡಿಕೊಳ್ಳುವ ಸಿಬ್ಬಂದಿ, ತಮ್ಮ ಪಾಲಿನ ಕೆಲಸ ಮುಗಿಸಿ ಕಾಗದವನ್ನು ಕಡತಕ್ಕೆ ಸೇರಿಸಿಬಿಡಬಹುದು, ಉಳಿದರ್ಧ ಅಲ್ಲೇ ಮಲಗುತ್ತದೆ. ಎರಡರಲ್ಲಿ ಹೆಚ್ಚು ಅಪಾಯದ್ದು ಯಾವುದೆಂದರೆ ಸಂಕೇತದ ತಪ್ಪು. ಫೋಟೋ ಬೇರೆಯಿದ್ದರೆ ಕೊಠಡಿ ಮೇಲ್ವಿಚಾರಕರು ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತಾರೆ, ಅಲ್ಲಿಯೇ ಏನಾದರೂ ದಾರಿ ಹುಡುಕಬಹುದು. ಸಂಕೇತ ತಪ್ಪಿದ್ದರೆ ಯಾರೂ ಕೇಳದೆ ಪರೀಕ್ಷೆ ಮುಗಿದುಹೋಗಿ, ಫಲಿತಾಂಶದ ದಿನ ಆ ಪತ್ರಿಕೆಯ ಎದುರು ‘ಗೈರು’ ಎಂದು ಕಾಣಿಸಿಕೊಳ್ಳಬಹುದು.

ಯಾರಿಗೆ ಬರೆಯಬೇಕು ಎಂಬುದನ್ನೂ ಸರಿಮಾಡಿಕೊಳ್ಳಿ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ ಬರುವ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಗಳ ಹೊಣೆ ಹೊತ್ತ ಅಧಿಕಾರಿಯ ಪದನಾಮ ‘ಕುಲಸಚಿವರು (ಮೌಲ್ಯಮಾಪನ)’. ಬಾಯಿಮಾತಿನಲ್ಲಿ ಎಲ್ಲರೂ ಪರೀಕ್ಷಾ ನಿಯಂತ್ರಕರು ಎಂದರೂ ಅರ್ಜಿಯ ಮೇಲೆ ಈ ಪದನಾಮವನ್ನೇ ಬರೆಯಬೇಕು. ಬರೀ ‘ಕುಲಸಚಿವರು’ ಎಂದು ಬರೆದರೆ ಕಾಗದ ಆಡಳಿತ ವಿಭಾಗದ ಕುಲಸಚಿವರ ಕಚೇರಿಗೆ ಹೋಗಿ ಎರಡು ದಿನ ಅಲ್ಲಿ ಕಳೆಯಬಹುದು. ನಿಮ್ಮದು ಸ್ವಾಯತ್ತ ಕಾಲೇಜಾಗಿದ್ದರೆ ಮಾತ್ರ ಪರೀಕ್ಷಾ ನಿಯಂತ್ರಕರು ಕಾಲೇಜಿನೊಳಗೇ ಇರುತ್ತಾರೆ, ಅರ್ಜಿ ಅವರಿಗೇ ಹೋಗಬೇಕು.

ಬರೆಯುವ ಮೊದಲು ಒಂದು ಸಂಗತಿ ತಿಳಿದಿರಲಿ, ಏಕೆಂದರೆ ಅರ್ಜಿಯಲ್ಲಿ ಏನನ್ನು ಕೇಳಬೇಕು ಎಂಬುದು ಅದನ್ನೇ ಅವಲಂಬಿಸಿದೆ. ಹಾಲ್ ಟಿಕೆಟ್ ಎಂಬುದು ಗಣಕದಲ್ಲಿರುವ ದಾಖಲೆಯ ಒಂದು ಪ್ರತಿ, ಅಷ್ಟೆ. ಅದೇ ದಾಖಲೆಯಿಂದ ಪರೀಕ್ಷಾ ಕೇಂದ್ರದ ಹಾಜರಿ ಪಟ್ಟಿ ತಯಾರಾಗುತ್ತದೆ, ಯಾವ ಸಂಕೇತದ ಪ್ರಶ್ನೆಪತ್ರಿಕೆ ಯಾವ ಕೇಂದ್ರಕ್ಕೆ ಎಷ್ಟು ಬೇಕೆಂಬ ಲೆಕ್ಕ ತಯಾರಾಗುತ್ತದೆ, ಕೊನೆಗೆ ಅಂಕ ನಮೂದಿಸುವ ಪಟ್ಟಿಯೂ ಅದರಿಂದಲೇ ಹೊರಡುತ್ತದೆ. ಪ್ರಾಂಶುಪಾಲರು ಹಾಲ್ ಟಿಕೆಟ್ ಮೇಲೆ ಪೆನ್ನಿನಿಂದ ಸಂಕೇತ ತಿದ್ದಿ ಮೊಹರು ಹಾಕಿಕೊಟ್ಟರೆ ತಿದ್ದುಪಡಿ ಆ ಒಂದು ಹಾಳೆಯಲ್ಲಿ ಮಾತ್ರ ಇರುತ್ತದೆ. ಉಳಿದ ಮೂರೂ ಕಡೆ ಹಳೆಯ ತಪ್ಪೇ ಕೂತಿರುತ್ತದೆ. ಹಾಗಾಗಿ ‘ಹಾಲ್ ಟಿಕೆಟ್ ತಿದ್ದಿಕೊಡಿ’ ಎಂದು ಕೇಳಬೇಡಿ, ‘ಮೂಲ ದಾಖಲೆಯಲ್ಲಿ ತಿದ್ದಿ ಪರಿಷ್ಕೃತ ಹಾಲ್ ಟಿಕೆಟ್ ನೀಡಿ’ ಎಂದು ಕೇಳಿ. ಫೋಟೋದ ಮೇಲೆ ನಿಮ್ಮ ಫೋಟೋ ಅಂಟಿಸುವುದು, ಸಂಕೇತವನ್ನು ನೀವೇ ತಿದ್ದಿಕೊಳ್ಳುವುದಂತೂ ಬೇಡವೇ ಬೇಡ. ಒಳ್ಳೆಯ ಉದ್ದೇಶದಿಂದ ಮಾಡಿದರೂ ಪರೀಕ್ಷಾ ಅಕ್ರಮದ ಪ್ರಕರಣವಾಗಿ ಬೆಳೆಯುವ ಅವಕಾಶ ಅದರಲ್ಲಿದೆ.

ಈಗ ಸಂಕೇತದ ವಿಷಯಕ್ಕೆ ಬರೋಣ. ನೀವು ಪರೀಕ್ಷಾ ಅರ್ಜಿ ಸಲ್ಲಿಸಿದಾಗ ತೆಗೆದುಕೊಂಡ ಪ್ರತಿ ಮತ್ತು ಶುಲ್ಕದ ರಸೀದಿಯನ್ನು ಹಾಲ್ ಟಿಕೆಟ್ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಪ್ರತಿ ಕೈಯಲ್ಲಿಲ್ಲದಿದ್ದರೆ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ ನಿಮ್ಮ ಲಾಗಿನ್‌ನಿಂದಲೋ ಕಾಲೇಜಿನ ಲಾಗಿನ್‌ನಿಂದಲೋ ಮತ್ತೆ ತೆಗೆಯಲು ಪ್ರಯತ್ನಿಸಿ. ಅರ್ಜಿಯಲ್ಲಿ ಸರಿಯಾದ ಸಂಕೇತವಿದ್ದು ಹಾಲ್ ಟಿಕೆಟ್‌ನಲ್ಲಿ ಮಾತ್ರ ಬೇರೆಯಾಗಿದ್ದರೆ ತಪ್ಪು ನಿಮ್ಮದಲ್ಲ, ಆ ಪ್ರತಿಯೇ ನಿಮ್ಮ ಸಾಕ್ಷಿ. ಅರ್ಜಿಯಲ್ಲೇ ತಪ್ಪು ಸಂಕೇತ ಆಯ್ಕೆಯಾಗಿದ್ದು ಯಾರೂ ಗಮನಿಸದೆ ಹೋಗಿದ್ದರೆ ಅದನ್ನು ಮುಚ್ಚಿಡದೆ ‘ಅರ್ಜಿ ಸಲ್ಲಿಸುವಾಗ ಕಣ್ತಪ್ಪಿನಿಂದ ಈ ಸಂಕೇತ ಆಯ್ಕೆಯಾಗಿರುತ್ತದೆ’ ಎಂದೇ ಬರೆಯಿರಿ. ಇಂಥ ತಿದ್ದುಪಡಿಗೆ ವಿಶ್ವವಿದ್ಯಾಲಯ ಶುಲ್ಕ ವಿಧಿಸಬಹುದು, ಕಟ್ಟಿಬಿಡಿ. ‘ನಿಮ್ಮ ಕಚೇರಿಯ ತಪ್ಪು’ ಎಂದು ದೂರಿ ಬರೆದ ಅರ್ಜಿ ಪರಿಶೀಲನೆಯಲ್ಲಿ ಸುಳ್ಳೆಂದು ಕಂಡರೆ, ಸರಳವಾಗಿ ಮುಗಿಯಬೇಕಾದ ಕೆಲಸ ಸಮಜಾಯಿಷಿ ಕೇಳುವ ಹಂತಕ್ಕೆ ಹೋಗುತ್ತದೆ.

ನಿಮ್ಮಂಥ ಮರುಪರೀಕ್ಷೆಯ ವಿದ್ಯಾರ್ಥಿಗಳಿಗೆ ಈ ತಪ್ಪು ಬರುವ ಸಾಮಾನ್ಯ ದಾರಿ ಒಂದಿದೆ. ರಾಜ್ಯದಲ್ಲಿ 2021-22ರಿಂದ 2023-24ರವರೆಗೆ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವರು. 2024-25ರಿಂದ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿಯ ಹೊಸ ಪಠ್ಯಕ್ರಮ ಬಂತು. ಎರಡರಲ್ಲೂ ಎರಡನೇ ಸೆಮಿಸ್ಟರ್ ಇದೆ, ಕೆಲವು ಪತ್ರಿಕೆಗಳ ಹೆಸರೂ ಒಂದೇ ಆಗಿದೆ ಅಥವಾ ಬಹಳ ಹತ್ತಿರವಿದೆ, ಆದರೆ ಸಂಕೇತ ಮತ್ತು ಪ್ರಶ್ನೆಪತ್ರಿಕೆ ಬೇರೆ. 2023-24ರಲ್ಲಿ ಸೇರಿದ ವಿದ್ಯಾರ್ಥಿನಿಯ ಬಾಕಿ ಪತ್ರಿಕೆಯನ್ನು ಪಟ್ಟಿಯಿಂದ ಆರಿಸುವಾಗ ಹೆಸರು ನೋಡಿ ಪಕ್ಕದ ಸಾಲನ್ನು ಒತ್ತಿದರೆ ಅವಳು ತನ್ನ ಕಿರಿಯರ ಪ್ರಶ್ನೆಪತ್ರಿಕೆಗೆ ನೋಂದಣಿಯಾಗಿಬಿಡುತ್ತಾಳೆ. ಇದನ್ನು ಪತ್ತೆಹಚ್ಚುವ ಸುಲಭ ಉಪಾಯ ಗರಿಷ್ಠ ಅಂಕವನ್ನು ನೋಡುವುದು. ಹಲವು ವಿಶ್ವವಿದ್ಯಾಲಯಗಳಲ್ಲಿ ಹಿಂದಿನ ಪಠ್ಯಕ್ರಮದ ಪತ್ರಿಕೆಗೆ ಲಿಖಿತ ಪರೀಕ್ಷೆ 60, ಆಂತರಿಕ ಮೌಲ್ಯಮಾಪನ 40 ಅಂಕ. ಹೊಸದಕ್ಕೆ 80 ಮತ್ತು 20. ನಿಮ್ಮ ಎರಡನೇ ಸೆಮಿಸ್ಟರ್ ಅಂಕಪಟ್ಟಿಯಲ್ಲಿ ಆ ಪತ್ರಿಕೆ 60 ಅಂಕದ್ದಾಗಿದ್ದು, ಈಗ ಬಂದಿರುವ ಸಂಕೇತ 80 ಅಂಕದ ಪತ್ರಿಕೆಯದಾಗಿದ್ದರೆ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ. ಇನ್ನೊಂದು ತೊಡಕೂ ಇಲ್ಲಿದೆ: ನೀವು ಆಗ ಗಳಿಸಿದ ಆಂತರಿಕ ಅಂಕ ಹಳೆಯ ಸಂಕೇತಕ್ಕೆ ಅಂಟಿಕೊಂಡಿದೆ. ಹೊಸ ಸಂಕೇತದಲ್ಲಿ ಪರೀಕ್ಷೆ ಬರೆದರೆ ಅದು ಜೊತೆಗೂಡದೆ ಫಲಿತಾಂಶ ತಡೆಹಿಡಿಯಲ್ಪಡಬಹುದು. ಆದ್ದರಿಂದ ಆಂತರಿಕ ಅಂಕದ ಮಾತು ಅರ್ಜಿಯಲ್ಲಿ ಇರಲೇಬೇಕು.

ಇವತ್ತೇ ಇನ್ನೊಂದು ಕೆಲಸ ಮಾಡಿ. ಪರೀಕ್ಷಾ ವೇಳಾಪಟ್ಟಿಯಲ್ಲಿ ಎರಡೂ ಸಂಕೇತಗಳ ದಿನಾಂಕ ಮತ್ತು ಹೊತ್ತು ಹುಡುಕಿ. ಅವು ಬೇರೆ ಬೇರೆ ದಿನ ಬಂದಿರುವ ಸಾಧ್ಯತೆ ಇದೆ. ಹಾಲ್ ಟಿಕೆಟ್‌ನಲ್ಲಿ ಅಚ್ಚಾದ ದಿನಾಂಕ ತಪ್ಪು ಸಂಕೇತದ್ದು. ಅದನ್ನೇ ನಂಬಿ ಕುಳಿತರೆ ನಿಮ್ಮ ನಿಜವಾದ ಪತ್ರಿಕೆಯ ದಿನ ಅದಕ್ಕಿಂತ ಮೊದಲೇ ಕಳೆದುಹೋಗಬಹುದು. ಅರ್ಜಿಯ ತುರ್ತನ್ನು ನಿರ್ಧರಿಸುವುದು ಮೊದಲ ಪರೀಕ್ಷೆಯ ದಿನಾಂಕವಲ್ಲ, ಈ ಪತ್ರಿಕೆಯ ಸರಿಯಾದ ದಿನಾಂಕ. ಅದನ್ನು ವಿಷಯದ ಸಾಲಿನಲ್ಲೇ ಬರೆಯಿರಿ.

ಸಂಕೇತದ ಅರ್ಜಿ ಹೀಗಿರಲಿ. ಇಲ್ಲಿನ ಸಂಕೇತಗಳು ಉದಾಹರಣೆಗೆ ಮಾತ್ರ. ಬಿಟ್ಟ ಸ್ಥಳಗಳನ್ನು ನೀವು ತುಂಬಿಕೊಳ್ಳಬೇಕು.

ಇಂದ:
(ಹೆಸರು, ನೋಂದಣಿ ಸಂಖ್ಯೆ)
ಬಿ.ಕಾಂ. ಆರನೇ ಸೆಮಿಸ್ಟರ್, (ಕಾಲೇಜಿನ ಹೆಸರು ಮತ್ತು ಕಾಲೇಜು ಸಂಕೇತ)
ಮೊಬೈಲ್ ಸಂಖ್ಯೆ: …

ಗೆ:
ಕುಲಸಚಿವರು (ಮೌಲ್ಯಮಾಪನ)
(ವಿಶ್ವವಿದ್ಯಾಲಯದ ಹೆಸರು, ಊರು)

ಮುಖಾಂತರ: ಪ್ರಾಂಶುಪಾಲರು, (ಕಾಲೇಜಿನ ಹೆಸರು)

ಮಾನ್ಯರೇ,

ವಿಷಯ: ದಿನಾಂಕ … ರಂದು ನಡೆಯಲಿರುವ ಎರಡನೇ ಸೆಮಿಸ್ಟರ್ ಮರುಪರೀಕ್ಷೆ ಪತ್ರಿಕೆಯ ಸಂಕೇತವನ್ನು ದಾಖಲೆಯಲ್ಲಿ ತಿದ್ದುಪಡಿ ಮಾಡುವ ಕುರಿತು.

ಉಲ್ಲೇಖ: 1. ಪರೀಕ್ಷಾ ಅರ್ಜಿ ಸಂಖ್ಯೆ …, ದಿನಾಂಕ … 2. ಶುಲ್ಕ ಪಾವತಿ ರಸೀದಿ ಸಂಖ್ಯೆ …, ದಿನಾಂಕ …

ನಾನು 2023-24ನೇ ಸಾಲಿನಲ್ಲಿ ಬಿ.ಕಾಂ. ಪದವಿಗೆ ಪ್ರವೇಶ ಪಡೆದಿದ್ದು, ಎರಡನೇ ಸೆಮಿಸ್ಟರ್‌ನ (ಪತ್ರಿಕೆಯ ಪೂರ್ಣ ಹೆಸರು), ಸಂಕೇತ `COM 2.3`, ಪತ್ರಿಕೆಯ ಮರುಪರೀಕ್ಷೆಗೆ ಉಲ್ಲೇಖ 1ರಂತೆ ಅರ್ಜಿ ಸಲ್ಲಿಸಿ, ಉಲ್ಲೇಖ 2ರಂತೆ ಶುಲ್ಕ ಪಾವತಿಸಿರುತ್ತೇನೆ. ದಿನಾಂಕ … ರಂದು ಪಡೆದ ಹಾಲ್ ಟಿಕೆಟ್‌ನಲ್ಲಿ ಸದರಿ ಪತ್ರಿಕೆಯ ಬದಲಿಗೆ ಸಂಕೇತ `BCM 2.3` ಎಂದು ಮುದ್ರಿತವಾಗಿದೆ. ಇದು 2024-25ನೇ ಸಾಲಿನಿಂದ ಪ್ರವೇಶ ಪಡೆದವರ ಪಠ್ಯಕ್ರಮದ ಸಂಕೇತವಾಗಿದ್ದು ನನಗೆ ಅನ್ವಯಿಸುವುದಿಲ್ಲ.

ಆದ್ದರಿಂದ ನನ್ನ ನೋಂದಣಿ ಸಂಖ್ಯೆಯ ಎದುರು ಸಂಕೇತ `BCM 2.3` ಅನ್ನು ತೆಗೆದು `COM 2.3` ಎಂದು ದಾಖಲಿಸಿ, ಪರೀಕ್ಷಾ ಕೇಂದ್ರದ ಹಾಜರಿ ಪಟ್ಟಿ ಮತ್ತು ಪ್ರಶ್ನೆಪತ್ರಿಕೆಗಳ ಸಂಖ್ಯೆಯಲ್ಲಿಯೂ ಈ ಬದಲಾವಣೆಯನ್ನು ಮಾಡಿಸಿ, ಸದರಿ ಪತ್ರಿಕೆಯಲ್ಲಿ ನಾನು ಈ ಹಿಂದೆ ಪಡೆದ ಆಂತರಿಕ ಮೌಲ್ಯಮಾಪನ ಅಂಕಗಳನ್ನು ಅದೇ ಸಂಕೇತದಡಿ ಉಳಿಸಿಕೊಂಡು, ಪರಿಷ್ಕೃತ ಹಾಲ್ ಟಿಕೆಟ್ ನೀಡಬೇಕೆಂದು ಕೋರುತ್ತೇನೆ.

ಲಗತ್ತುಗಳು: ಹಾಲ್ ಟಿಕೆಟ್ ಪ್ರತಿ (ತಪ್ಪನ್ನು ಗುರುತಿಸಿದೆ), ಪರೀಕ್ಷಾ ಅರ್ಜಿಯ ಪ್ರತಿ, ಶುಲ್ಕ ರಸೀದಿ, ಎರಡನೇ ಸೆಮಿಸ್ಟರ್ ಅಂಕಪಟ್ಟಿ.

ಸ್ಥಳ, ದಿನಾಂಕ
ತಮ್ಮ ವಿಶ್ವಾಸಿ
(ಸಹಿ)

ಈ ಅರ್ಜಿಯ ಪ್ರಾಣ ಇರುವುದು ‘ಆದ್ದರಿಂದ’ ಎಂದು ಆರಂಭವಾಗುವ ವಾಕ್ಯದಲ್ಲಿ. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮೇಲಿನವರ ಸಹಿಗೆ ಕಳಿಸುವಾಗ ಆ ವಾಕ್ಯವನ್ನು ಹಾಗೆಯೇ ಎತ್ತಿಕೊಳ್ಳುವಂತಿರಬೇಕು. ಏನನ್ನು ತೆಗೆಯಬೇಕು, ಏನನ್ನು ಹಾಕಬೇಕು ಎಂಬೆರಡೂ ಅದರಲ್ಲಿ ಇರುವುದು ಬಹಳ ಮುಖ್ಯ. ‘ಸರಿಯಾದ ಸಂಕೇತ ಸೇರಿಸಿ’ ಎಂದಷ್ಟೇ ಬರೆದರೆ ಸರಿಯಾದದ್ದು ಸೇರಿ ತಪ್ಪಾದದ್ದೂ ಉಳಿಯಬಹುದು. ಆಗ ನೀವು ಒಂದರಲ್ಲಿ ಹಾಜರು, ಇನ್ನೊಂದರಲ್ಲಿ ಗೈರು. ಓದುವ ಒತ್ತಡ, ಮನೆಯ ಕಷ್ಟ, ಭವಿಷ್ಯದ ಚಿಂತೆ ಇವುಗಳನ್ನು ಬರೆಯಬೇಡಿ. ಅವು ನಿಜವೇ ಆಗಿರಬಹುದು, ಆದರೆ ಇದು ದಯೆ ಕೇಳುವ ಅರ್ಜಿಯಲ್ಲ, ದಾಖಲೆ ಸರಿಪಡಿಸುವ ಅರ್ಜಿ. ಒಂದು ಪುಟ ದಾಟಿದರೆ ಮುಖ್ಯ ಸಾಲು ಹುಡುಕುವ ಕೆಲಸ ಓದುವವರ ಪಾಲಿಗೆ ಬೀಳುತ್ತದೆ.

ಫೋಟೋದ ಅರ್ಜಿಗೂ ಇದೇ ಚೌಕಟ್ಟು, ಆದರೆ ಮೊದಲು ಇನ್ನೊಂದು ವಿಷಯ ನೋಡಬೇಕು. ನಿಮ್ಮ ಹಾಲ್ ಟಿಕೆಟ್‌ನಲ್ಲಿ ಇರುವುದು ಸಹಪಾಠಿಯ ಫೋಟೋ ಎಂದಿರಿ. ಹಾಗಿದ್ದರೆ ಅವಳ ಹಾಲ್ ಟಿಕೆಟ್‌ನಲ್ಲಿ ಯಾರ ಫೋಟೋ ಇದೆ? ಕಾಲೇಜುಗಳಲ್ಲಿ ಫೋಟೋಗಳನ್ನು ಒಟ್ಟಿಗೆ ಏರಿಸುವಾಗ ಕಡತದ ಹೆಸರಾಗಿ ನೋಂದಣಿ ಸಂಖ್ಯೆ ಕೊಡುವುದುಂಟು. ಕೊನೆಯ ಎರಡು ಅಂಕಿ ಅದಲುಬದಲಾದರೆ ಇಬ್ಬರ ಫೋಟೋ ಅದಲುಬದಲು. ಒಂದು ಸಾಲು ಜಾರಿದರಂತೂ ಅಲ್ಲಿಂದ ಕೆಳಗಿನ ಎಲ್ಲರದ್ದೂ ತಪ್ಪು. ಅವಳದ್ದನ್ನೂ, ಪಟ್ಟಿಯಲ್ಲಿ ನಿಮ್ಮ ಹಿಂದೆ ಮುಂದೆ ಇರುವವರದನ್ನೂ ಒಮ್ಮೆ ತೆಗೆಸಿ ನೋಡಿ. ಅದಲುಬದಲಾಗಿದ್ದರೆ ಇಬ್ಬರೂ ಪ್ರತ್ಯೇಕ ಅರ್ಜಿ ಬರೆದು, ಪ್ರಾಂಶುಪಾಲರ ಒಂದೇ ಹೊದಿಕೆ ಪತ್ರದಲ್ಲಿ ಎರಡನ್ನೂ ಕಳಿಸುವಂತೆ ಕೇಳಿಕೊಳ್ಳಿ. ನಿಮ್ಮದೊಂದನ್ನೇ ತಿದ್ದಿದರೆ ಒಂದೇ ಮುಖ ಎರಡು ನೋಂದಣಿ ಸಂಖ್ಯೆಗಳ ಎದುರು ಕಾಣಿಸುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಅದನ್ನು ನೋಡಿದವರಿಗೆ ಮೊದಲು ಹೊಳೆಯುವುದು ಒಬ್ಬರ ಬದಲು ಮತ್ತೊಬ್ಬರು ಬರೆಯುತ್ತಿದ್ದಾರೆ ಎಂಬ ಶಂಕೆ.

ನಿಮ್ಮ ಲಾಗಿನ್‌ನ ಸ್ವವಿವರ ಪುಟದಲ್ಲಿ ಯಾರ ಫೋಟೋ ಇದೆ ಎಂಬುದನ್ನೂ ಗಮನಿಸಿ. ಅಲ್ಲಿ ನಿಮ್ಮದೇ ಇದ್ದು ಹಾಲ್ ಟಿಕೆಟ್‌ನಲ್ಲಿ ಮಾತ್ರ ಬೇರೆಯಾಗಿದ್ದರೆ ‘ಸ್ವವಿವರದಲ್ಲಿ ಸರಿಯಾಗಿದೆ’ ಎಂದು ಬರೆದು ಆ ಪುಟದ ಪ್ರತಿಯನ್ನು ಲಗತ್ತಿಸಿ. ಅಲ್ಲೂ ಬೇರೆಯಾಗಿದ್ದರೆ ಬೇರು ನೋಂದಣಿ ದಾಖಲೆಯಲ್ಲೇ ಇದೆ, ಅದನ್ನು ಬದಲಿಸದೆ ಬರೀ ಹಾಲ್ ಟಿಕೆಟ್ ಸರಿಪಡಿಸಿದರೆ ಅಂಕಪಟ್ಟಿಯಲ್ಲಿ ಅದೇ ಫೋಟೋ ಮತ್ತೆ ಬರಬಹುದು. ಕೋರಿಕೆಯ ಸಾಲು ಹೀಗಿರಲಿ: ‘ನನ್ನ ನೋಂದಣಿ ಸಂಖ್ಯೆ … ರ ಎದುರು ನೋಂದಣಿ ಸಂಖ್ಯೆ … ರ ವಿದ್ಯಾರ್ಥಿನಿಯ ಭಾವಚಿತ್ರ ದಾಖಲಾಗಿದ್ದು, ಅದನ್ನು ತೆಗೆದು ಪ್ರಾಂಶುಪಾಲರಿಂದ ದೃಢೀಕೃತವಾದ ನನ್ನ ಭಾವಚಿತ್ರವನ್ನು ನೋಂದಣಿ ದಾಖಲೆಯಲ್ಲಿ, ಹಾಜರಿ ಪಟ್ಟಿಯಲ್ಲಿ ಮತ್ತು ಹಾಲ್ ಟಿಕೆಟ್‌ನಲ್ಲಿ ಅಳವಡಿಸಬೇಕೆಂದು ಕೋರುತ್ತೇನೆ.’ ದೃಢೀಕರಣ ಎಂದರೆ ಅರ್ಜಿಯ ಮೇಲೆ ಫೋಟೋ ಅಂಟಿಸಿ, ಪ್ರಾಂಶುಪಾಲರ ಸಹಿ ಮತ್ತು ಮೊಹರು ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಪೂರ್ತಿ ಫೋಟೋದ ಮೇಲೆ ಬಿದ್ದ ಮೊಹರಿನಿಂದ ಮುಖವೂ ಕಾಣದು, ಫೋಟೋ ಆ ಕಾಗದದ್ದೇ ಎಂಬುದೂ ಸಾಬೀತಾಗದು. ಕಾಲೇಜಿನ ಗುರುತಿನ ಚೀಟಿ ಮತ್ತು ಸರ್ಕಾರ ನೀಡಿದ ಒಂದು ಗುರುತಿನ ದಾಖಲೆಯ ಪ್ರತಿ ಜೊತೆಗಿರಲಿ. ಮೂಲ ಫೋಟೋವನ್ನು ಕಾಲೇಜಿನ ಅಧಿಕೃತ ಇಮೇಲ್‌ನಿಂದಲೂ ಕಳಿಸಲು ಹೇಳಿ, ಏಕೆಂದರೆ ಕಾಗದದಿಂದ ಸ್ಕ್ಯಾನ್ ಮಾಡಿದ ಮೊಹರು ಬಿದ್ದ ಫೋಟೋವನ್ನು ದಾಖಲೆಗೆ ಏರಿಸಲಾಗುವುದಿಲ್ಲ.

ಅರ್ಜಿಗಳನ್ನು ನೇರವಾಗಿ ಒಯ್ದು ಕೊಟ್ಟರೂ ‘ಪ್ರಾಂಶುಪಾಲರ ಮುಖಾಂತರ ಬನ್ನಿ’ ಎಂದು ಹಿಂದಕ್ಕೆ ಕಳಿಸುವುದೇ ವಾಡಿಕೆ. ಅದರಲ್ಲಿ ನ್ಯಾಯವೂ ಇದೆ: ನೀವು ಯಾರು, ಯಾವ ಸಾಲಿನವರು ಎಂದು ಹೇಳಬಲ್ಲವರು ಕಾಲೇಜಿನವರು ಮಾತ್ರ. ‘ಶಿಫಾರಸು ಮಾಡಿ ಕಳುಹಿಸಿದೆ’ ಎಂಬ ಒಂದು ಸಾಲಿಗಿಂತ ‘ಕಾಲೇಜಿನ ದಾಖಲೆಗಳೊಂದಿಗೆ ಪರಿಶೀಲಿಸಲಾಗಿದ್ದು ವಿದ್ಯಾರ್ಥಿನಿಯ ಹೇಳಿಕೆ ಸರಿಯಿದೆ’ ಎಂಬ ಸಾಲು ಹೊದಿಕೆ ಪತ್ರದಲ್ಲಿದ್ದರೆ ಹೆಚ್ಚು ಬೆಲೆ. ಇನ್ನು ಹತ್ತೇ ದಿನ ಉಳಿದಿರುವಾಗ ಅಂಚೆಯನ್ನು ನಂಬಿ ಕೂರಬೇಡಿ. ಪ್ರತಿ ಅರ್ಜಿಯ ಎರಡು ಪ್ರತಿ ಮಾಡಿಕೊಂಡು ಮೌಲ್ಯಮಾಪನ ವಿಭಾಗದ ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿ. ಮಾರನೆಯ ದಿನ ಫೋನ್ ಮಾಡಿದಾಗ ‘ನನ್ನ ಹಾಲ್ ಟಿಕೆಟ್ ಏನಾಯಿತು’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಸ್ವೀಕೃತಿ ಸಂಖ್ಯೆ ಹೇಳಿ ‘ಈ ಟಪಾಲು ಯಾವ ವಿಷಯ ನಿರ್ವಾಹಕರ ಬಳಿ ಇದೆ’ ಎಂದು ಕೇಳಿದರೆ ಸಿಗುತ್ತದೆ.

‘ಆಯಿತು, ತಿದ್ದಿದ್ದೇವೆ’ ಎಂದ ಮೇಲೆ ಹಾಲ್ ಟಿಕೆಟ್ ಅನ್ನು ಮತ್ತೆ ಡೌನ್‌ಲೋಡ್ ಮಾಡಿ, ಫೋಟೋ ಮತ್ತು ಆ ಸಂಕೇತದ ಜೊತೆಗೆ ಉಳಿದ ಎಲ್ಲ ಸಾಲುಗಳನ್ನೂ ಮೊದಲಿನಿಂದ ಓದಿ. ತಿದ್ದುವ ಗಡಿಬಿಡಿಯಲ್ಲಿ ಆರನೇ ಸೆಮಿಸ್ಟರ್‌ನ ಒಂದು ಪತ್ರಿಕೆ ಬಿಟ್ಟುಹೋಗಿರಲೂಬಹುದು. ಹಳೆಯ ಪ್ರತಿಯನ್ನು ಪರೀಕ್ಷೆಗೆ ಒಯ್ಯಬೇಡಿ, ಆದರೆ ಹರಿಯಲೂಬೇಡಿ.

ಪರೀಕ್ಷೆಯ ಹಿಂದಿನ ದಿನವೂ ತಿದ್ದುಪಡಿ ಆಗದಿದ್ದರೆ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಅಂದೇ ಕಾಣಿರಿ, ಮಾರನೆಯ ಬೆಳಿಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಹೋಗಬೇಡಿ. ಸ್ವೀಕೃತಿ ಮೊಹರಿನ ಪ್ರತಿಗಳನ್ನು ತೋರಿಸಿ. ಫೋಟೋದ ವಿಷಯದಲ್ಲಿ, ದೃಢೀಕೃತ ಭಾವಚಿತ್ರವುಳ್ಳ ಪ್ರಾಂಶುಪಾಲರ ಗುರುತಿನ ಪತ್ರ ಮತ್ತು ನಿಮ್ಮಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು ಪರೀಕ್ಷೆಗೆ ಬಿಡುವ ರೂಢಿ ಇದೆ. ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಸಂಕೇತದ ವಿಷಯದಲ್ಲಿ ಮೌಲ್ಯಮಾಪನ ವಿಭಾಗದಿಂದ ಅವರಿಗೆ ಕನಿಷ್ಠ ಒಂದು ಇಮೇಲ್ ಸೂಚನೆಯಾದರೂ ಬರಬೇಕು, ಅದಕ್ಕಾಗಿ ಕಾಲೇಜಿನಿಂದ ಒತ್ತಾಯ ಮಾಡಿಸಿ. ನಿಮ್ಮ ಸಾಲಿನ ಬೇರೆ ಮರುಪರೀಕ್ಷೆ ವಿದ್ಯಾರ್ಥಿಗಳು ಅದೇ ಕೇಂದ್ರದಲ್ಲಿದ್ದರೆ ಸರಿಯಾದ ಪ್ರಶ್ನೆಪತ್ರಿಕೆ ಅಲ್ಲಿ ಹೇಗೂ ಇರುತ್ತದೆ; ಇಲ್ಲದಿದ್ದರೆ ಆ ಸೂಚನೆಯಿಲ್ಲದೆ ಪತ್ರಿಕೆಯೇ ಬರುವುದಿಲ್ಲ.

ಒಳಗೆ ಕುಳಿತ ಮೇಲೆ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅದರ ಮೇಲಿನ ಸಂಕೇತ, ಪಠ್ಯಕ್ರಮದ ವರ್ಷ ಮತ್ತು ಗರಿಷ್ಠ ಅಂಕ ನೋಡಿ, ತಪ್ಪಿದ್ದರೆ ಉತ್ತರ ಬರೆಯಲು ಆರಂಭಿಸುವ ಮೊದಲೇ ಕೊಠಡಿ ಮೇಲ್ವಿಚಾರಕರಿಗೆ ಹೇಳಿ. ಉತ್ತರ ಪುಸ್ತಿಕೆಯ ಮುಖಪುಟದಲ್ಲಿ ನೀವು ಬರೆಯುವ ಸಂಕೇತ ನಿಮಗೆ ಕೊಟ್ಟ ಪ್ರಶ್ನೆಪತ್ರಿಕೆಯದ್ದೇ ಆಗಿರಬೇಕು, ತಪ್ಪು ಹಾಲ್ ಟಿಕೆಟ್‌ನದ್ದಲ್ಲ. ಉತ್ತರ ಪುಸ್ತಿಕೆಗಳು ಸಂಕೇತವಾರು ಕಟ್ಟಾಗಿ ಹೋಗುತ್ತವೆ. ಬೇರೆ ಕಟ್ಟಿಗೆ ಸೇರಿದ ಪುಸ್ತಿಕೆಯನ್ನು ಹುಡುಕುವುದು ತಿಂಗಳುಗಳ ಕೆಲಸ. ಅಚ್ಚಾದ ಹಾಜರಿ ಪಟ್ಟಿಯಲ್ಲಿ ಆ ಸಂಕೇತದಡಿ ನಿಮ್ಮ ಹೆಸರಿಲ್ಲದಿದ್ದರೆ ಕೈಬರಹದ ಹೆಚ್ಚುವರಿ ಹಾಜರಿ ಹಾಳೆಯಲ್ಲಿ ನಿಮ್ಮ ನೋಂದಣಿ ಸಂಖ್ಯೆ, ಉತ್ತರ ಪುಸ್ತಿಕೆಯ ಸಂಖ್ಯೆ ಬರೆಸಿ ಸಹಿ ಮಾಡಿ, ಪುಸ್ತಿಕೆಯ ಸಂಖ್ಯೆಯನ್ನು ಮನೆಗೆ ಬಂದು ಬರೆದಿಟ್ಟುಕೊಳ್ಳಿ. ಫಲಿತಾಂಶದಲ್ಲಿ ‘ಗೈರು’ ಎಂದು ಬಂದರೆ ಆಗ ಬರೆಯಬೇಕಾದ ಮೂರನೆಯ ಅರ್ಜಿಗೆ ಬೇಕಾಗುವುದು ಆ ಸಂಖ್ಯೆ, ಮೊಹರು ಬಿದ್ದ ಈ ಎರಡು ಪ್ರತಿಗಳು ಮತ್ತು ಹೆಚ್ಚುವರಿ ಹಾಜರಿ ಹಾಳೆಯ ಬಗ್ಗೆ ಮುಖ್ಯ ಅಧೀಕ್ಷಕರ ಒಂದು ದೃಢೀಕರಣ. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಲು ಹೋಗಬೇಡಿ. ಅಂಕವೇ ನಮೂದಾಗದ ಪತ್ರಿಕೆಗೆ ಅದು ಅನ್ವಯಿಸುವುದಿಲ್ಲ.